ಹಳೆಯ ಪ್ರಿಂಟರ್ ಕೇಬಲ್, ಹೊಸ ಕಂಪ್ಯೂಟರ್: ಪದೇ ಪದೇ ಕೇಳುವ ಪ್ರಶ್ನೆಗಳು

ಶಿವಮೊಗ್ಗದ ಅಡಿಕೆ ಮಂಡಿಗಳು, ಸಾಗರ, ತೀರ್ಥಹಳ್ಳಿ, ಹೊಸನಗರದ ಕಡೆಯ ಸಹಕಾರ ಸಂಘಗಳು, ಊರಿನ ರಸಗೊಬ್ಬರದ ಅಂಗಡಿಗಳು. ಇಂಥ ಕಡೆಗಳಲ್ಲಿ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್ ಇಂದಿಗೂ ದಿನವಿಡೀ ಸದ್ದು ಮಾಡುತ್ತಿರುತ್ತದೆ. ಅದರ ಪಕ್ಕದ ಕಂಪ್ಯೂಟರ್ ಮಾತ್ರ ಬದಲಾಗಿದೆ, ಹಳೆಯ ಕೇಬಲ್ಲಿಗೆ ಅದರಲ್ಲಿ ಜಾಗವಿಲ್ಲ. ದುರಸ್ತಿಗೆ ಹೋದಲ್ಲಿ, ಫೋನಿನಲ್ಲಿ, ಪತ್ರಗಳಲ್ಲಿ ನನಗೆ ಮತ್ತೆ ಮತ್ತೆ ಎದುರಾದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿಟ್ಟಿದ್ದೇನೆ.

## ಮೊದಲು ಗುರುತು ಹಿಡಿಯಲು

ಒಂದು ತುದಿಯಲ್ಲಿ ಸಣ್ಣ ಸಣ್ಣ ಪಿನ್ನುಗಳಿವೆ, ಇನ್ನೊಂದು ತುದಿಯಲ್ಲಿ ಪಿನ್ನೇ ಇಲ್ಲ. ಇದು ಯಾವ ಕೇಬಲ್?

ಇದು ಪ್ಯಾರಲಲ್ ಎನ್ನುವ ಹಳೆಯ ಪ್ರಿಂಟರ್ ಕೇಬಲ್. ಪಿನ್ನುಗಳಿರುವ ತುದಿ ಕಂಪ್ಯೂಟರಿಗೆ, ಇನ್ನೊಂದು ಪ್ರಿಂಟರಿಗೆ. ಕಂಪ್ಯೂಟರ್ ಕಡೆಯ ಪ್ಲಗ್ಗಿನ ಆಕಾರ ಇಂಗ್ಲಿಷಿನ ಡಿ ಅಕ್ಷರದಂತಿದೆ. ಮೇಲಿನ ಸಾಲಿನಲ್ಲಿ 13, ಕೆಳಗಿನ ಸಾಲಿನಲ್ಲಿ 12, ಒಟ್ಟು 25 ಪಿನ್ನುಗಳು. ಎರಡು ಬದಿಯಲ್ಲಿ ಬೆರಳಿನಿಂದ ತಿರುಗಿಸುವ ಸ್ಕ್ರೂಗಳು. ಪ್ರಿಂಟರ್ ಕಡೆಯದು ಅಗಲವಾದ ಪ್ಲಗ್. ಅದರ ನಡುವೆ ಪ್ಲಾಸ್ಟಿಕ್ಕಿನ ನಾಲಿಗೆಯೊಂದಿದ್ದು, ಅದರ ಮೇಲೆ ಕೆಳಗೆ ತಲಾ 18ರಂತೆ 36 ಚಪ್ಪಟೆ ಲೋಹದ ಪಟ್ಟಿಗಳು ಕೂತಿರುತ್ತವೆ. ಪ್ರಿಂಟರಿನ ಎರಡು ಬದಿಯ ತಂತಿಯ ಕೊಂಡಿಗಳು ಈ ಪ್ಲಗ್ಗನ್ನು ಹಿಡಿದುಕೊಳ್ಳುತ್ತವೆ.

ಇದನ್ನು ಸೆಂಟ್ರಾನಿಕ್ಸ್ ಎನ್ನುವುದು ಅದೇ ಹೆಸರಿನ ಅಮೆರಿಕದ ಪ್ರಿಂಟರ್ ಕಂಪನಿಯಿಂದ. 1970ರ ದಶಕದಲ್ಲಿ ಅವರ ಪ್ರಿಂಟರುಗಳು ಬಳಸಿದ ಜೋಡಣೆಯನ್ನೇ ಉಳಿದವರೂ ಹಿಡಿದರು. 1981ರಲ್ಲಿ ಐಬಿಎಂ ತನ್ನ ಪಿಸಿಯ ಹಿಂಬದಿಯಲ್ಲಿ ಅಷ್ಟು ಅಗಲದ ಸಾಕೆಟ್ಟಿನ ಬದಲು 25 ರಂಧ್ರದ ಡಿ ಸಾಕೆಟ್ ಇಟ್ಟಿತು. ಒಂದೇ ಕೇಬಲ್ಲಿನ ಎರಡು ತುದಿಗೆ ಎರಡು ಮುಖ ಬಂದದ್ದು ಹೀಗೆ.

25 ಪಿನ್ ಇದ್ದರೆ ಅದು ಪ್ರಿಂಟರ್ ಕೇಬಲ್ಲೇ ತಾನೆ?

ಅಲ್ಲ, ಮತ್ತು ಈ ತಪ್ಪು ದುಬಾರಿ. ಹಳೆಯ ಮೋಡೆಮ್ಮುಗಳ ಸೀರಿಯಲ್ ಕೇಬಲ್ಲಿನಲ್ಲೂ ಇದೇ 25 ಪಿನ್ನಿನ ಪ್ಲಗ್ ಇರುತ್ತದೆ. ಪ್ಯಾರಲಲ್ ಕೇಬಲ್ಲಿನಲ್ಲಿ ಓಡುವುದು 5 ವೋಲ್ಟಿನ ಸಂಕೇತ. ಸೀರಿಯಲ್ ಸಾಲಿನಲ್ಲಿ ಮೈನಸ್ 12ರಿಂದ ಪ್ಲಸ್ 12 ವೋಲ್ಟಿನವರೆಗೂ ಇರಬಹುದು. ಅದನ್ನು ಪ್ರಿಂಟರ್ ಪೋರ್ಟಿಗೆ ಚುಚ್ಚಿದರೆ ಪೋರ್ಟ್ ಸುಡಬಹುದು.

ಹಳೆಯ ಪಿಸಿಯ ಹಿಂಬದಿಯಲ್ಲಿ ಗುರುತು ಸುಲಭ: ರಂಧ್ರಗಳಿರುವ 25ರ ಸಾಕೆಟ್ ಪ್ರಿಂಟರಿನದು, ಪಿನ್ನುಗಳಿರುವ 25ರ ಸಾಕೆಟ್ ಸೀರಿಯಲ್. ಕೇಬಲ್ ಮಾತ್ರ ಕೈಯಲ್ಲಿದ್ದರೆ ಇನ್ನೊಂದು ತುದಿಯನ್ನು ನೋಡಿ. ಅಲ್ಲಿ 36 ಪಟ್ಟಿಯ ಸೆಂಟ್ರಾನಿಕ್ಸ್ ಇದ್ದರೆ ಅನುಮಾನವೇ ಬೇಡ. ಅದೇ ಆಕಾರದಲ್ಲಿ 50 ಪಟ್ಟಿಗಳಿದ್ದರೆ ಅದು ಹಳೆಯ ಸ್ಕ್ಯಾನರ್ ಅಥವಾ ಡಿಸ್ಕಿನ ಸ್ಕಸಿ ಕೇಬಲ್. ಅದನ್ನು ಪಕ್ಕಕ್ಕಿಡಿ.

ಇಷ್ಟು ಕಷ್ಟ ಏಕೆ? ಹೊಸ ಪ್ರಿಂಟರ್ ತಂದರಾಗದೇ?

ಒಂದೇ ಪ್ರತಿ ಸಾಕೆಂದರೆ ತನ್ನಿ. ಮಂಡಿಯ ಪಟ್ಟಿಗೆ ಮೂರು ಪ್ರತಿ ಬೇಕು: ಬೆಳೆಗಾರರಿಗೊಂದು, ಖರೀದಿದಾರರಿಗೊಂದು, ಲೆಕ್ಕಕ್ಕೊಂದು. ಕಾರ್ಬನ್ನಿನ ಮೂಲಕ ಒಮ್ಮೆಗೇ ಮೂರು ಹಾಳೆಗೆ ಅಚ್ಚು ಬೀಳಬೇಕಾದರೆ ಸೂಜಿ ಹೊಡೆಯುವ ಯಂತ್ರವೇ ಆಗಬೇಕು. ಲೇಸರ್ ಮತ್ತು ಇಂಕ್‌ಜೆಟ್‌ಗಳು ಕಾಗದವನ್ನು ಒತ್ತುವುದಿಲ್ಲ.

## ಅಡಾಪ್ಟರ್ ಕೊಳ್ಳುವಾಗ, ಜೋಡಿಸುವಾಗ

ಅಂಗಡಿಯಲ್ಲಿ ಎರಡು ಬಗೆಯ ಯುಎಸ್‌ಬಿ ಅಡಾಪ್ಟರ್ ತೋರಿಸಿದರು. ಯಾವುದನ್ನು ತೆಗೆದುಕೊಳ್ಳಲಿ?

ಒಂದರ ತುದಿಯಲ್ಲಿ ನೇರವಾಗಿ 36 ಪಟ್ಟಿಯ ಸೆಂಟ್ರಾನಿಕ್ಸ್ ಪ್ಲಗ್ ಇರುತ್ತದೆ. ಅದು ಸೀದಾ ಪ್ರಿಂಟರಿಗೆ ಹೋಗುತ್ತದೆ, ಹಳೆಯ ಕೇಬಲ್ಲೇ ಬೇಡ. ಇನ್ನೊಂದರ ತುದಿಯಲ್ಲಿ 25 ರಂಧ್ರದ ಸಾಕೆಟ್ ಇರುತ್ತದೆ. ಹಳೆಯ ಕೇಬಲ್ಲಿನ ಪಿನ್ನುಗಳು ಅದರೊಳಗೆ ಕೂರುತ್ತವೆ.

ಮೊದಲನೆಯದನ್ನೇ ತೆಗೆದುಕೊಳ್ಳಿ ಎನ್ನುತ್ತೇನೆ. ಒಂದು ಜೋಡಣೆ ಕಡಿಮೆಯಾದರೆ ಸಡಿಲವಾಗುವ, ಕಿಲುಬು ಹಿಡಿಯುವ 25 ಜಾಗಗಳು ಕಡಿಮೆಯಾದಂತೆ. ಎರಡನೆಯದು ಬೇಕಾಗುವುದು ಕೇಬಲ್ ಗಟ್ಟಿಯಾಗಿದ್ದು, ಅದು ಗೋಡೆಯ ಪಟ್ಟಿಯೊಳಗೆ ಹಾದುಹೋಗಿ ಬಿಚ್ಚಲಾಗದಂತಿದ್ದಾಗ. ಕೊಳ್ಳುವಾಗ 25ರ ತುದಿಯಲ್ಲಿ ರಂಧ್ರಗಳಿವೆಯೇ ಎಂದು ಕಣ್ಣಾರೆ ನೋಡಿ. ಪಿನ್ನುಗಳಿದ್ದರೆ ಅದು ಸೀರಿಯಲ್ ಅಡಾಪ್ಟರ್ ಆಗಿರುವ ಸಂಭವ ಹೆಚ್ಚು, ನಿಮ್ಮ ಪ್ರಿಂಟರಿಗೆ ಆಗುವುದಿಲ್ಲ.

ಸೆಂಟ್ರಾನಿಕ್ಸ್ ತುದಿಯನ್ನು ಸಿಕ್ಕಿಸುವಾಗಲೂ ಕಳಚುವಾಗಲೂ ಪ್ರಿಂಟರ್ ಆರಿಸಿರಬೇಕು. ಚಾಲೂ ಇರುವಾಗ ಎಳೆದು ಹಾಕಲು ಮಾಡಿದ ಜೋಡಣೆ ಇದಲ್ಲ.

ಅಡಾಪ್ಟರ್ ಸಿಕ್ಕಿಸಿದೆ. ಕಂಪ್ಯೂಟರಿನಲ್ಲಿ LPT1 ಬರಲೇ ಇಲ್ಲ. ಕೆಟ್ಟದ್ದನ್ನು ಕೊಟ್ಟರೇ?

ಕೆಟ್ಟಿಲ್ಲ. ಉಳಿದ ಅರ್ಧ ಪ್ರಶ್ನೆಗಳಿಗೂ ಉತ್ತರ ಇಲ್ಲಿಯೇ ಇರುವುದರಿಂದ ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಹಳೆಯ ಪ್ಯಾರಲಲ್ ಪೋರ್ಟಿನಲ್ಲಿ ಕಂಪ್ಯೂಟರ್ ಒಂದೊಂದು ತಂತಿಯನ್ನೂ ತಾನೇ ಏರಿಸಿ ಇಳಿಸುತ್ತಿತ್ತು. 2ರಿಂದ 9ರವರೆಗಿನ ಎಂಟು ಪಿನ್ನುಗಳ ಮೇಲೆ ಒಂದು ಅಕ್ಷರದ ಎಂಟು ಬಿಟ್‌ಗಳನ್ನು ಒಟ್ಟಿಗೆ ಇಡುವುದು, 1ನೇ ಪಿನ್ನನ್ನು ಕ್ಷಣಮಾತ್ರ ಇಳಿಸಿ ‘ತೆಗೆದುಕೋ’ ಎನ್ನುವುದು. ಪ್ರಿಂಟರ್ 11ನೇ ಪಿನ್ನಿನಲ್ಲಿ ‘ತಾಳು, ಕೈ ತುಂಬಿದೆ’ ಎನ್ನುತ್ತದೆ, 10ನೇ ಪಿನ್ನಿನಲ್ಲಿ ‘ಆಯಿತು’ ಎನ್ನುತ್ತದೆ. ಈ ಪೋರ್ಟಿಗೆ ಕಂಪ್ಯೂಟರಿನೊಳಗೆ ಒಂದು ವಿಳಾಸವಿತ್ತು, ಸಾಮಾನ್ಯವಾಗಿ 378. ಅದಕ್ಕೆ LPT1 ಎಂಬ ಹೆಸರಿತ್ತು.

ಯುಎಸ್‌ಬಿ ಅಡಾಪ್ಟರಿನಲ್ಲಿ ಈ ವಿಳಾಸವೂ ಇಲ್ಲ, ಹೆಸರೂ ಇಲ್ಲ. ಕಂಪ್ಯೂಟರ್ ಅಕ್ಷರಗಳನ್ನು ಗಂಟು ಕಟ್ಟಿ ಯುಎಸ್‌ಬಿ ಮೂಲಕ ಕಳಿಸುತ್ತದೆ. ಪ್ಲಗ್ಗಿನೊಳಗಿನ ಪುಟ್ಟ ಚಿಪ್ ಗಂಟು ಬಿಚ್ಚಿ, ಮೇಲೆ ಹೇಳಿದ ಮಾತುಕತೆಯನ್ನೆಲ್ಲ ಪ್ರಿಂಟರಿನೊಂದಿಗೆ ತಾನೇ ನಡೆಸುತ್ತದೆ. ಹಾಗಾಗಿ ಕಂಪ್ಯೂಟರಿನ ಕಣ್ಣಿಗೆ ಇದೊಂದು ಯುಎಸ್‌ಬಿ ಪ್ರಿಂಟರ್. ವಿಂಡೋಸಿನ ಡಿವೈಸ್ ಮ್ಯಾನೇಜರಿನಲ್ಲಿ `USB Printing Support` ಎಂದು ಕಂಡರೆ ಅಡಾಪ್ಟರ್ ತನ್ನ ಕೆಲಸ ಮಾಡಿದೆ.

ಹಾಗಾದರೆ ವಿಂಡೋಸಿನಲ್ಲಿ ಪ್ರಿಂಟರನ್ನು ಸೇರಿಸುವುದು ಹೇಗೆ?

ಹಳೆಯ ಪ್ರಿಂಟರುಗಳು ಬಹಳಷ್ಟು ತಮ್ಮ ಹೆಸರನ್ನು ತಾವೇ ಹೇಳುವುದಿಲ್ಲ. ಆದ್ದರಿಂದ ಕಂಪ್ಯೂಟರ್ ತಾನಾಗಿ ಗುರುತಿಸಲಿ ಎಂದು ಕಾಯಬೇಡಿ. ಅಡಾಪ್ಟರ್ ಜೋಡಿಸಿ, ಪ್ರಿಂಟರ್ ಚಾಲೂ ಮಾಡಿ, ಪ್ರಿಂಟರ್ ಸೇರಿಸುವ ಕಿಟಕಿಯಲ್ಲಿ ಕೈಯಾರೆ ಸೇರಿಸುವ ದಾರಿಯನ್ನು ಆರಿಸಿ. ಪೋರ್ಟ್ ಕೇಳಿದಾಗ ಪಟ್ಟಿಯಲ್ಲಿ `USB001` ಎಂಬುದನ್ನು ಹಿಡಿಯಿರಿ. `LPT1` ಕೂಡ ಅಲ್ಲಿ ಕಾಣಬಹುದು, ಅದನ್ನು ಮುಟ್ಟಬೇಡಿ.

ಚಾಲಕ ತಂತ್ರಾಂಶದ ಪಟ್ಟಿಯಲ್ಲಿ ತಯಾರಕರಾಗಿ `Generic`, ಮಾದರಿಯಾಗಿ `Generic / Text Only` ಆರಿಸಿದರೆ ಇಂಗ್ಲಿಷ್ ಅಕ್ಷರ ಮತ್ತು ಅಂಕಿಗಳಿರುವ ಬಿಲ್ ಪ್ರಿಂಟರಿನ ಸ್ವಂತ ಅಕ್ಷರಗಳಲ್ಲೇ ವೇಗವಾಗಿ ಬರುತ್ತದೆ. ಕನ್ನಡ ಬೇಕೆಂದರೆ ಇದು ಸಾಲದು. ಪ್ರಿಂಟರಿನೊಳಗೆ ಕನ್ನಡದ ಅಚ್ಚು ಇರುವುದಿಲ್ಲವಾದ್ದರಿಂದ ಪ್ರತಿ ಸಾಲೂ ಚುಕ್ಕಿಗಳ ಚಿತ್ರವಾಗಿ ಹೋಗಬೇಕು. ಅದಕ್ಕೆ ನಿಮ್ಮ ಮಾದರಿಯ, ಅಥವಾ ಅದು ಅನುಕರಿಸುವ ಎಪ್ಸನ್ ಮಾದರಿಯ ಚಾಲಕವನ್ನು ಹಾಕಿ. ಅಚ್ಚು ನಿಧಾನವಾಗುತ್ತದೆ, ಅದಕ್ಕೆ ಅಡಾಪ್ಟರನ್ನು ದೂರಬೇಡಿ.

ನಿನ್ನೆಯವರೆಗೆ ಸರಿಯಿತ್ತು. ಇವತ್ತು ಕೊಟ್ಟದ್ದೆಲ್ಲ ಸರತಿಯಲ್ಲಿ ಕೂತಿದೆ, ಹಾಳೆ ಅಲುಗಾಡುತ್ತಿಲ್ಲ.

ಯಾರಾದರೂ ಕಸ ಗುಡಿಸುವಾಗಲೋ ಮೊಬೈಲ್ ಚಾರ್ಜಿಗೆ ಹಾಕುವಾಗಲೋ ಅಡಾಪ್ಟರನ್ನು ಕಿತ್ತು ಪಕ್ಕದ ಯುಎಸ್‌ಬಿ ಕಿಂಡಿಗೆ ಹಾಕಿದ್ದಾರೆಯೇ ಎಂದು ಮೊದಲು ವಿಚಾರಿಸಿ. ಕಿಂಡಿ ಬದಲಾದರೆ ವಿಂಡೋಸ್ ಅದನ್ನು ಹೊಸ ಯಂತ್ರವೆಂದು ತಿಳಿದು `USB002` ಎಂಬ ಹೊಸ ಪೋರ್ಟ್ ಮಾಡಬಹುದು. ನಿಮ್ಮ ಪ್ರಿಂಟರ್ ಇನ್ನೂ `USB001`ರ ಬಾಗಿಲಲ್ಲೇ ಕಾಯುತ್ತಿರುತ್ತದೆ. ಹಳೆಯ ಕಿಂಡಿಗೇ ಮರಳಿಸಿ, ಇಲ್ಲವೇ ಪ್ರಿಂಟರಿನ ಪ್ರಾಪರ್ಟೀಸ್‌ನಲ್ಲಿ ಪೋರ್ಟಿನ ಗುರುತನ್ನು ಬದಲಿಸಿ. ನಾನು ಜೋಡಿಸಿ ಬರುವ ಕಡೆಯಲ್ಲೆಲ್ಲ ಆ ಕಿಂಡಿಯ ಪಕ್ಕ ಒಂದು ಚುಕ್ಕಿ ಬಣ್ಣ ಹಚ್ಚಿ ಬರುತ್ತೇನೆ.

## ಹಳೆಯ ತಂತ್ರಾಂಶ

ನಮ್ಮ ಬಿಲ್ಲಿನ ಪ್ರೋಗ್ರಾಂ ಡಾಸ್ ಕಾಲದ್ದು. ಅದಕ್ಕೆ LPT1 ಬಿಟ್ಟು ಬೇರೇನೂ ಗೊತ್ತಿಲ್ಲ. ಏನು ಮಾಡುವುದು?

ಆ ಹೆಸರನ್ನು ನಾವೇ ಹುಟ್ಟಿಸಿ ಕೊಡಬಹುದು. ಮೇಲೆ ಹೇಳಿದಂತೆ ಪ್ರಿಂಟರನ್ನು ಸೇರಿಸಿ, ಅದನ್ನು ಹಂಚಿಕೆಗೆ ಇಟ್ಟು ಚಿಕ್ಕ ಹೆಸರು ಕೊಡಿ. ಕಂಪ್ಯೂಟರಿನ ಹೆಸರು MANDI-PC, ಪ್ರಿಂಟರಿನ ಹಂಚಿಕೆಯ ಹೆಸರು DMP ಎಂದಿಟ್ಟುಕೊಂಡರೆ, ಕಮಾಂಡ್ ಕಿಟಕಿಯಲ್ಲಿ ಹೀಗೆ ಕೊಡಿ:

```
net use LPT1: \\MANDI-PC\DMP /persistent:yes
dir > LPT1
```

ಮೊದಲ ಸಾಲು LPT1 ಎಂಬ ಹೆಸರಿಗೆ ಬಂದದ್ದನ್ನೆಲ್ಲ ಆ ಪ್ರಿಂಟರಿಗೆ ತಿರುಗಿಸುತ್ತದೆ. ಎರಡನೆಯದು ಪರೀಕ್ಷೆ: ಕಡತಗಳ ಪಟ್ಟಿ ಕಾಗದದ ಮೇಲೆ ಬರಬೇಕು. ಬಿಲ್ ಬರೆಯುವವರು ಯಾವ ಬಳಕೆದಾರರ ಹೆಸರಿನಲ್ಲಿ ಕೆಲಸ ಮಾಡುತ್ತಾರೋ ಅದೇ ಹೆಸರಿನಲ್ಲಿ, ಸಾಧಾರಣ ಕಿಟಕಿಯಲ್ಲೇ ಇದನ್ನು ಕೊಡಬೇಕು. ಅಡ್ಮಿನಿಸ್ಟ್ರೇಟರ್ ಕಿಟಕಿಯಲ್ಲಿ ಕೊಟ್ಟದ್ದು ಸಾಧಾರಣ ಕಿಟಕಿಗೆ ಕಾಣದೇ ಹೋಗಬಹುದು.

ಇನ್ನೊಂದು ತೊಡಕು ಕೇಬಲ್ಲಿನದ್ದಲ್ಲ. 64 ಬಿಟ್ ವಿಂಡೋಸಿನಲ್ಲಿ 16 ಬಿಟ್ ಡಾಸ್ ಪ್ರೋಗ್ರಾಂಗಳು ತೆರೆಯುವುದೇ ಇಲ್ಲ, ವಿಂಡೋಸ್ 11 ಬರುವುದೇ 64 ಬಿಟ್‌ನಲ್ಲಿ. ಅಂಥಲ್ಲಿ ಡಾಸ್‌ಬಾಕ್ಸ್-ಎಕ್ಸ್‌ನಂಥ ಅನುಕರಣೆಯ ಒಳಗೆ ಪ್ರೋಗ್ರಾಂ ಓಡಿಸಬೇಕು. ಅದು ತನ್ನೊಳಗಿನ ಕಾಲ್ಪನಿಕ LPT1ಗೆ ಬಂದದ್ದನ್ನು ಹಿಡಿದು ಹೊರಗೆ ಕೊಡಬಲ್ಲದು.

ಲಿನಕ್ಸಿನಲ್ಲಿ?

ಸಲೀಸು. ಅಡಾಪ್ಟರ್ ಸಿಕ್ಕಿಸಿದ ಕೂಡಲೇ ಸಾಮಾನ್ಯವಾಗಿ `/dev/usb/lp0` ಹುಟ್ಟುತ್ತದೆ. ಸಾದಾ ಪಠ್ಯವನ್ನು ನೇರವಾಗಿ ಅದಕ್ಕೆ ಕಳಿಸಬಹುದು:

```
printf 'SHIVAMOGGA 12345\r\n\f' | sudo tee /dev/usb/lp0
```

ಕೊನೆಯ `\f` ಹಾಳೆಯನ್ನು ಹೊರಗೆ ತಳ್ಳುವ ಸಂಕೇತ.

## ಕೆಟ್ಟಾಗ

ಅಚ್ಚು ಬರುತ್ತದೆ, ಆದರೆ ಅಂಕಿಗಳೇ ತಪ್ಪು. 24,600 ಎಂದಿರಬೇಕಾದಲ್ಲಿ 35-711 ಎಂದು ಬಂದಿದೆ. ವೈರಸ್ಸೇ?

ಈ ಪ್ರಶ್ನೆ ಬಂದದ್ದು ಶಿವಮೊಗ್ಗದ ಒಂದು ಮಂಡಿಯಿಂದ, ಅಡಿಕೆ ಕೊಯ್ಲು ಮುಗಿದು ಆವಕ ಜೋರಿದ್ದ ದಿನಗಳಲ್ಲಿ. ಅವರು ತೋರಿಸಿದ ಪಟ್ಟಿಯಲ್ಲಿ RASHI ಎಂಬುದು SASII ಆಗಿತ್ತು, BETTE ಎಂಬುದು CEUUE ಆಗಿತ್ತು. ಖಾಲಿ ಇರಬೇಕಾದ ಜಾಗದಲ್ಲೆಲ್ಲ ಆಶ್ಚರ್ಯಸೂಚಕ ಚಿಹ್ನೆಗಳ ಸಾಲು. ಪಟ್ಟಿ ಮುಗಿದರೂ ಹಾಳೆ ಹೊರಗೆ ಬರುತ್ತಿರಲಿಲ್ಲ, ಪ್ರತಿ ಸಲವೂ ಗುಂಡಿ ಒತ್ತಿ ತೆಗೆಯುತ್ತಿದ್ದರು.

ಮೊದಲು ಪ್ರಿಂಟರನ್ನು ಆರಿಸಿ, ಲೈನ್ ಫೀಡ್ ಗುಂಡಿಯನ್ನು ಒತ್ತಿ ಹಿಡಿದು ಮತ್ತೆ ಚಾಲೂ ಮಾಡಿದೆ. ಬಹಳಷ್ಟು ಮಾದರಿಗಳು ಹೀಗೆ ಮಾಡಿದರೆ ತಮ್ಮದೇ ಪರೀಕ್ಷಾ ಹಾಳೆಯನ್ನು ಹೊಡೆಯುತ್ತವೆ. ಅದರಲ್ಲಿ ಒಂದು ಅಕ್ಷರವೂ ತಪ್ಪಿರಲಿಲ್ಲ. ಆ ಹಾಳೆ ಕೇಬಲ್ ದಾಟಿ ಬಂದದ್ದಲ್ಲ, ಪ್ರಿಂಟರಿನ ಹೊಟ್ಟೆಯಿಂದಲೇ ಬಂದದ್ದು. ಹಾಗಾದರೆ ತಲೆ, ಸೂಜಿ, ರಿಬ್ಬನ್ ಎಲ್ಲ ಸರಿಯಿವೆ, ದೋಷ ಅದಕ್ಕಿಂತ ಮುಂಚೆ ಇದೆ.

ಆಮೇಲೆ ತಪ್ಪಿನ ಕ್ರಮವನ್ನು ನೋಡಿದೆ. 2 ಇದ್ದದ್ದು 3 ಆಗಿದೆ, 4 ಇದ್ದದ್ದು 5, 6 ಇದ್ದದ್ದು 7, 0 ಇದ್ದದ್ದು 1. ಆದರೆ ಬೆಸ ಅಂಕಿಗಳು ಇದ್ದಂತೆಯೇ ಇವೆ. ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆಯ ಸಂಕೇತವಿದೆ. ಸಮಸಂಖ್ಯೆಗಳೆಲ್ಲ ಒಂದೊಂದು ಹೆಚ್ಚಾಗಿ ಬೆಸವಾಗುತ್ತಿವೆ ಎಂದರೆ, ಬಿಡಿಸ್ಥಾನದ ಬಿಟ್ ಯಾವಾಗಲೂ 1 ಎಂದೇ ಓದಿಕೊಳ್ಳುತ್ತಿದೆ. ಆ ಬಿಟ್ ಸಾಗುವುದು 2ನೇ ಪಿನ್ನಿನಲ್ಲಿ. ತಂತಿ ಕಡಿದು ತೇಲುತ್ತಿದ್ದರೆ ಪ್ರಿಂಟರಿನ ಒಳಭಾಗ ಅದನ್ನು ಸಾಮಾನ್ಯವಾಗಿ 1 ಎಂದೇ ತಿಳಿಯುತ್ತದೆ. ಖಾಲಿ ಜಾಗದ ಸಂಕೇತ 32, ಅದು 33 ಆದರೆ ಆಶ್ಚರ್ಯಸೂಚಕ. ಹಾಳೆ ಹೊರಗೆ ತಳ್ಳುವ ಸಂಕೇತ 12, ಅದು 13 ಆದರೆ ಕೇವಲ ‘ಸಾಲಿನ ಆರಂಭಕ್ಕೆ ಹೋಗು’ ಎಂಬ ಆಜ್ಞೆ. ಹಾಳೆ ಒಳಗೇ ಉಳಿಯುತ್ತಿದ್ದದ್ದು ಇದರಿಂದ.

ಕೇಬಲ್ಲಿನ 25 ಪಿನ್ನಿನ ತುದಿಯನ್ನು ಅಡಾಪ್ಟರಿನಿಂದ ಬಿಚ್ಚಿ ಬೆಳಕಿಗೆ ಹಿಡಿದಾಗ 2ನೇ ಪಿನ್ ಮಡಚಿ ಮಲಗಿತ್ತು. ಸಣ್ಣ ಮೂತಿಯ ಇಕ್ಕಳದಿಂದ ನಿಧಾನವಾಗಿ ಎಬ್ಬಿಸಿದೆ, 24,600 ಸರಿಯಾಗಿ ಬಂತು. ಒಮ್ಮೆ ಬಾಗಿ ನೇರವಾದ ಪಿನ್ ಮತ್ತೊಮ್ಮೆ ಬಾಗಿದರೆ ಮುರಿಯುತ್ತದೆ. ಆದ್ದರಿಂದ ನೇರ ಸೆಂಟ್ರಾನಿಕ್ಸ್ ತುದಿಯ ಅಡಾಪ್ಟರ್ ತರಿಸಿಕೊಳ್ಳಲು ಹೇಳಿದೆ. ತಪ್ಪು ಅಚ್ಚು ಬಂದ ಎರಡು ದಿನಗಳಲ್ಲಿ ಕೊಟ್ಟ ಪಟ್ಟಿಗಳನ್ನು ಅವರು ಹಿಂದಕ್ಕೆ ಕರೆಸಿ ಮತ್ತೆ ಬರೆದುಕೊಟ್ಟರು. ಬೆಳೆಗಾರರ ಕೈಯಲ್ಲಿರುವ ಅಂಕಿ ತಪ್ಪಿರಬಾರದು, ಆ ಕೆಲಸ ಅವರು ಮಾಡಿದ್ದು ನನಗೆ ಸಮಾಧಾನ ತಂದಿತು.

ನಿಮ್ಮಲ್ಲಿ 0 ಇದ್ದದ್ದು 2, 1 ಇದ್ದದ್ದು 3, 4 ಇದ್ದದ್ದು 6 ಆಗುತ್ತಿದ್ದರೆ ಇದೇ ಲೆಕ್ಕದಲ್ಲಿ 3ನೇ ಪಿನ್ನನ್ನು ನೋಡಿ.

ಕಾಗದ ತುಂಬ ಇದೆ. ಆದರೂ ಕಂಪ್ಯೂಟರ್ ಕಾಗದ ಮುಗಿದಿದೆ ಎನ್ನುತ್ತದೆ.

ಪ್ರಿಂಟರಿನ ಮೇಲಿನ ಕಾಗದದ ದೀಪವೂ ಉರಿಯುತ್ತಿದ್ದರೆ ದೋಷ ಪ್ರಿಂಟರಿನ ಸಂವೇದಕದಲ್ಲಿ. ಅಲ್ಲಿ ಹರಿದ ಕಾಗದದ ಚೂರು ಕೂತಿರುತ್ತದೆ. ದೀಪ ಆರಿದ್ದು ಕಂಪ್ಯೂಟರ್ ಮಾತ್ರ ಹಾಗೆನ್ನುತ್ತಿದ್ದರೆ 12ನೇ ಪಿನ್ನಿನ ತಂತಿ ಕಡಿದಿರಬಹುದು. ಏನೂ ಬಾರದೆ ಸದಾ ‘ಕೈ ತುಂಬಿದೆ’ ಎಂಬಂತೆ ನಿಂತಿದ್ದರೆ 11ನೇ ಪಿನ್.

ಮಲ್ಟಿಮೀಟರನ್ನು ಸದ್ದಿನ ಸ್ಥಾನದಲ್ಲಿಟ್ಟು, ಕೇಬಲ್ಲಿನ ಎರಡು ತುದಿಗಳನ್ನೂ ಬಿಚ್ಚಿ ಪರೀಕ್ಷಿಸಿ. 1ರಿಂದ 14ರವರೆಗೆ ಎರಡೂ ಕಡೆ ಒಂದೇ ಸಂಖ್ಯೆ. ಡಿ ಪ್ಲಗ್ಗಿನ 15 ಸೆಂಟ್ರಾನಿಕ್ಸಿನ 32ಕ್ಕೆ, 16 ಎಂಬುದು 31ಕ್ಕೆ, 17 ಎಂಬುದು 36ಕ್ಕೆ ಹೋಗುತ್ತದೆ. 18ರಿಂದ 25ರವರೆಗಿನವು ನೆಲದ ತಂತಿಗಳು.

ಮಳೆಗಾಲ ಬಂತೆಂದರೆ ಅಚ್ಚು ಕೈಕೊಡುತ್ತದೆ, ದೀಪಾವಳಿಯ ಹೊತ್ತಿಗೆ ತಾನೇ ಸರಿಹೋಗುತ್ತದೆ. ಇದೇನು?

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಗೋಡೆಯೂ ಬೆವರುತ್ತದೆ. ಸೆಂಟ್ರಾನಿಕ್ಸಿನ ಚಪ್ಪಟೆ ಪಟ್ಟಿಗಳ ಮೇಲೆ ತೆಳುವಾದ ಕಿಲುಬು ಕಟ್ಟುತ್ತದೆ. ಅಡಿಕೆಯ ದೂಳು ಅದರ ಮೇಲೆ ಕೂತು ತೇವ ಹಿಡಿದಿಡುತ್ತದೆ. ಪ್ರಿಂಟರಿನ ವಿದ್ಯುತ್ ಪ್ಲಗ್ ಕಿತ್ತು, ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಗಟ್ಟಿ ಬಟ್ಟೆಯಿಂದ ನಾಲಿಗೆಯ ಎರಡು ಬದಿಯನ್ನೂ ಉದ್ದಕ್ಕೆ ಒರೆಸಿ, ಪೂರ್ತಿ ಆರಲು ಬಿಡಿ. ಉಪ್ಪುಕಾಗದದಿಂದ ಉಜ್ಜಬೇಡಿ, ಮೇಲಿನ ಲೇಪ ಹೋದರೆ ಕಿಲುಬು ಇನ್ನೂ ಬೇಗ ಬರುತ್ತದೆ. ತಂತಿಯ ಕೊಂಡಿಗಳೆರಡನ್ನೂ ಹಾಕಿ. ಒಂದೇ ಕೊಂಡಿ ಹಾಕಿದ ಪ್ಲಗ್ ತಲೆಯ ಓಡಾಟದ ಅದುರಿಗೆ ಓರೆಯಾಗಿ ಸಡಿಲವಾಗುತ್ತದೆ.

ಗುಡುಗಿನ ದಿನಗಳಿಗೆ ಇನ್ನೊಂದು ಮಾತು. ಪ್ರಿಂಟರ್ ಒಂದು ಗೋಡೆಯ ಪ್ಲಗ್ಗಿನಲ್ಲಿ, ಕಂಪ್ಯೂಟರ್ ಇನ್ನೊಂದರಲ್ಲಿ ಇರುವುದು ಬೇಡ. ಎರಡರ ಅರ್ಥಿಂಗ್ ಬೇರೆಯಾಗಿದ್ದರೆ ಅವುಗಳ ನಡುವಿನ ವೋಲ್ಟೇಜ್ ಈ ಕೇಬಲ್ಲಿನ ಮೂಲಕವೇ ಹರಿಯುತ್ತದೆ. ಎರಡನ್ನೂ ಒಂದೇ ಬೋರ್ಡಿನಿಂದ ಕೊಡಿ. ಸಿಡಿಲು ಹತ್ತಿರ ಬಂದರೆ ಯುಎಸ್‌ಬಿ ತುದಿಯನ್ನೂ ಎಳೆದಿಡಿ.

## ಇನ್ನೂ ಮುಂದಕ್ಕೆ

ಪ್ರಿಂಟರ್ ಒಳಕೋಣೆಯಲ್ಲಿದೆ. ಯಾವ ಕೇಬಲ್ಲನ್ನು ಉದ್ದ ಮಾಡಲಿ?

ಸಾಧಾರಣ ಪ್ಯಾರಲಲ್ ಕೇಬಲ್ಲನ್ನು ಎರಡು ಮೂರು ಮೀಟರಿಗಿಂತ ಎಳೆಯಬೇಡಿ, ಎಂಟು ಬಿಟ್‌ಗಳು ಒಂದರ ಸದ್ದು ಇನ್ನೊಂದಕ್ಕೆ ತಾಗಿ ಕೆಡುತ್ತವೆ. 1994ರ ಐಇಇಇ 1284 ಮಾನಕದಂತೆ ಮಾಡಿದ, ಜೋಡಿ ಜೋಡಿಯಾಗಿ ಹೊಸೆದ ತಂತಿಗಳ ಕೇಬಲ್ 10 ಮೀಟರಿನವರೆಗೆ ತಾಳುತ್ತದೆ, ಅದರ ಹೊದಿಕೆಯ ಮೇಲೆ `IEEE 1284` ಎಂದು ಅಚ್ಚಾಗಿರುತ್ತದೆ. ಯುಎಸ್‌ಬಿ ಕಡೆಯಲ್ಲಾದರೆ 5 ಮೀಟರ್ ಮಿತಿ.

ಡಿ ಸಾಕೆಟ್ಟಿಗೆ ಹಾಕುವ, ತಂತ್ರಾಂಶಕ್ಕೆ ಬೀಗದಂತಿರುವ ಡಾಂಗಲ್ ಈ ಅಡಾಪ್ಟರಿನಲ್ಲಿ ಕೆಲಸ ಮಾಡುತ್ತದೆಯೇ? ಹಳೆಯ ಸ್ಕ್ಯಾನರ್?

ಇಲ್ಲ. ಅವು ಒಂದೊಂದು ತಂತಿಯನ್ನೂ ನೇರವಾಗಿ ಮುಟ್ಟಿ ಮಾತಾಡುತ್ತವೆ. ಈ ಅಡಾಪ್ಟರಿಗೆ ಗೊತ್ತಿರುವುದು ಪ್ರಿಂಟರಿಗೆ ಅಕ್ಷರ ಕಳಿಸುವುದೊಂದೇ.

ಅಂಥವಕ್ಕೆ ನಿಜವಾದ ಪೋರ್ಟ್ ಬೇಕು. ಡೆಸ್ಕ್‌ಟಾಪ್ ಇದ್ದರೆ ಹೊಸ ಕಾರ್ಡ್ ಕೊಳ್ಳುವ ಮುಂಚೆ ಮದರ್‌ಬೋರ್ಡಿನ ಅಂಚನ್ನು ನೋಡಿ. ಕೆಲವು ಬೋರ್ಡುಗಳಲ್ಲಿ `LPT` ಎಂದು ಬರೆದ, ಎರಡು ಸಾಲು ಪಿನ್ನುಗಳ ಜೋಡಣೆ ಇಂದಿಗೂ ಇರುತ್ತದೆ, ಅದರಲ್ಲಿ ಒಂದು ಪಿನ್ನಿನ ಜಾಗ ಬೇಕೆಂದೇ ಖಾಲಿ. ಅದಕ್ಕೆ ಹಾಕುವ ಪಟ್ಟಿಕೇಬಲ್ ಮತ್ತು 25 ರಂಧ್ರದ ಬ್ರಾಕೆಟ್ ಸಿಗುತ್ತದೆ. ಬಯಾಸ್‌ನಲ್ಲಿ ಪೋರ್ಟನ್ನು ಚಾಲೂ ಮಾಡಿದರೆ 378ರ ವಿಳಾಸದ ಅಸಲಿ LPT1 ಬರುತ್ತದೆ. ಅದು ಇಲ್ಲದಿದ್ದರೆ ಪಿಸಿಐ ಎಕ್ಸ್‌ಪ್ರೆಸ್ ಪ್ಯಾರಲಲ್ ಕಾರ್ಡ್. ಅದೂ ನಿಜವಾದ ಪೋರ್ಟೇ, ಆದರೆ ಸಾಮಾನ್ಯವಾಗಿ 378ರ ಬದಲು ಬೇರೆ ವಿಳಾಸದಲ್ಲಿ ಕೂರುತ್ತದೆ. ಡಿವೈಸ್ ಮ್ಯಾನೇಜರಿನ ರಿಸೋರ್ಸಸ್ ಪುಟದಲ್ಲಿ ಆ ವಿಳಾಸ ಕಾಣುತ್ತದೆ. ನಿಮ್ಮ ಪ್ರೋಗ್ರಾಂನಲ್ಲಿ ವಿಳಾಸವನ್ನು ಬದಲಿಸಲು ಅವಕಾಶವಿದ್ದರೆ ಮಾತ್ರ ಆ ಕಾರ್ಡಿಗೆ ದುಡ್ಡು ಹಾಕಿ.